ಅಡ್ಡ ಪುಟದ ಕೋಷ್ಟಕಗಳು: ತಿರುಗಿಸುವುದರಿಂದ ತಾಳೆ ನೋಡುವವರೆಗೆ

ಹಳೆಯ ಸರ್ಕಾರಿ ಅಂಕಿಅಂಶಗಳ ಸ್ಕ್ಯಾನ್ ಪ್ರತಿಗಳನ್ನು ಸ್ಪ್ರೆಡ್‌ಶೀಟಿಗೆ ಇಳಿಸುವವರ ನಡುವೆ ಈಚೆಗೆ ಒಂದು ಮಾತು ಬೇರೂರಿದೆ. ಅಡ್ಡ ಪುಟ ಈಗ ಸಮಸ್ಯೆಯೇ ಅಲ್ಲ, ಒಸಿಆರ್ ತಂತ್ರಾಂಶ ತಾನೇ ಪುಟವನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ ಎನ್ನುತ್ತಾರೆ. ಗದ್ಯದ ಪುಟಕ್ಕೆ ಇದು ಬಹುಮಟ್ಟಿಗೆ ನಿಜ. ಜಿಲ್ಲಾ ಜನಗಣತಿ ಕೈಪಿಡಿಯ ಗ್ರಾಮವಾರು ಕೋಷ್ಟಕಕ್ಕೆ ನಿಜವಲ್ಲ. 1951ರ ಜನಗಣತಿಯಿಂದ ಬರತೊಡಗಿದ ಇಂಥ ಕೈಪಿಡಿಗಳಲ್ಲಿ ಕಾಲಂಗಳು ಹೆಚ್ಚಾದಾಗ ಕೋಷ್ಟಕವನ್ನು ಅಡ್ಡಲಾಗಿ ಅಚ್ಚು ಹಾಕುವುದು, ಇಲ್ಲವೇ ಎದುರುಬದುರು ಪುಟಗಳಿಗೆ ಹರಡುವುದು ವಾಡಿಕೆ. ಇಂಥ ಪುಟಗಳೆಲ್ಲ ಸೇರಿ ಒಂದೇ ಹಾಳೆಯಾಗಿ ಹರಿಯಬೇಕೆಂದಾಗ ತೊಡಕು ಶುರುವಾಗುತ್ತದೆ.

ಈ ತೊಡಕನ್ನು ಎದುರಿಸುತ್ತ ಬಂದ ಘಟ್ಟಗಳಲ್ಲಿ ಮೊದಲನೆಯದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡೇಟಾ ಎಂಟ್ರಿ ಮಾಡುವವರು ಪುಸ್ತಕವನ್ನೇ ತಿರುಗಿಸಿ ಇಟ್ಟುಕೊಂಡು ಅಂಕಿಗಳನ್ನು ಕುಟ್ಟುತ್ತಿದ್ದರು. ಆಗ ತಪ್ಪುಗಳಾಗುತ್ತಿದ್ದವು, ಆದರೆ ತಲೆಕೆಳಗಾದ ಪುಟವನ್ನು ಓದಿಬಿಡುವ ತಪ್ಪು ಯಾರಿಂದಲೂ ಆಗುತ್ತಿರಲಿಲ್ಲ.

ಎರಡನೆಯ ಘಟ್ಟ ಓರೆ ತಿದ್ದುವ ಸಂಶೋಧನೆಯದು. ಪಾಲ್ ಹಫ್ 1962ರಲ್ಲಿ ಪೇಟೆಂಟ್ ಪಡೆದ, 1972ರಲ್ಲಿ ಡ್ಯೂಡಾ ಮತ್ತು ಹಾರ್ಟ್ ಈಗಿನ ರೂಪಕ್ಕೆ ತಂದ ವಿಧಾನ ಚಿತ್ರದೊಳಗಿನ ಗೆರೆಗಳನ್ನು ಹುಡುಕಿ ಅವುಗಳ ಕೋನ ಹೇಳುತ್ತದೆ. ಇನ್ನೊಂದು ವಿಧಾನ ಪುಟದ ಪ್ರತಿ ಸಾಲಿನಲ್ಲೂ ಎಷ್ಟು ಕಪ್ಪು ಚುಕ್ಕೆಗಳಿವೆ ಎಂದು ಎಣಿಸಿ, ಸಾಲು ಮತ್ತು ಖಾಲಿ ಜಾಗದ ಏರಿಳಿತ ಅತಿ ಸ್ಪಷ್ಟವಾಗಿ ಕಾಣುವ ಕೋನವನ್ನು ಆರಿಸುತ್ತದೆ. ಎರಡೂ ಒಂದೆರಡು ಡಿಗ್ರಿ ವಾಲಿದ ಪುಟಕ್ಕೆ ಸೊಗಸಾಗಿ ಕೆಲಸ ಮಾಡುತ್ತವೆ. ಕೋಷ್ಟಕದಲ್ಲಿ ಮಾತ್ರ ಗೆರೆಗಳು ಎರಡೂ ದಿಕ್ಕಿಗಿರುತ್ತವೆ, ಅಂಕಿಗಳೂ ಮೇಲಿನಿಂದ ಕೆಳಕ್ಕೆ ಒಂದರಡಿ ಒಂದು ಸಾಲುಗಟ್ಟಿರುತ್ತವೆ. ಹಾಗಾಗಿ ನಿಂತ ಕೋಷ್ಟಕ, ಮಲಗಿದ ಕೋಷ್ಟಕ ಎರಡರಲ್ಲೂ ಏರಿಳಿತ ಚೆನ್ನಾಗಿಯೇ ಬರುತ್ತದೆ. ಓರೆ ತಿದ್ದುವುದೂ ದಿಕ್ಕು ಗುರುತಿಸುವುದೂ ಬೇರೆ ಬೇರೆ ಕೆಲಸ ಎಂಬುದನ್ನು ಆ ಕಾಲದ ಎಷ್ಟೋ ತಂತ್ರಾಂಶಗಳು ಗಣನೆಗೇ ತೆಗೆದುಕೊಳ್ಳಲಿಲ್ಲ.

ದಿಕ್ಕಿನ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿದ್ದು ಮೂರನೆಯ ಘಟ್ಟ. ಡಾನ್ ಬ್ಲೂಮ್‌ಬರ್ಗ್ ಅವರ ಲೆಪ್ಟೋನಿಕಾ ಇಂಗ್ಲಿಷಿನ ಸಣ್ಣಕ್ಷರಗಳ ಒಂದು ಗುಣವನ್ನು ನೆಚ್ಚುತ್ತದೆ: ಮೇಲಕ್ಕೆ ಚಾಚುವ ಅಕ್ಷರಗಳು ಕೆಳಕ್ಕೆ ಇಳಿಯುವ ಅಕ್ಷರಗಳಿಗಿಂತ ಹೆಚ್ಚು ಸಲ ಬರುತ್ತವೆ. ಮುದ್ರಿತ ಅಂಕಿಗಳು ಸಾಮಾನ್ಯವಾಗಿ ಒಂದೇ ಎತ್ತರದವು, ಅವುಗಳಲ್ಲಿ ಚಾಚುವಿಕೆಯೂ ಇಲ್ಲ, ಇಳಿಯುವಿಕೆಯೂ ಇಲ್ಲ. ಒತ್ತಕ್ಷರಗಳು ಕೆಳಗೆ ಇಳಿಯುವ ಕನ್ನಡಕ್ಕಂತೂ ಆ ಲೆಕ್ಕ ಹೊಂದುವುದೇ ಇಲ್ಲ. ಎಚ್‌ಪಿ ಸಂಸ್ಥೆಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಟೆಸರಾಕ್ಟ್, ಅಕ್ಷರಗಳನ್ನು ನಾಲ್ಕೂ ದಿಕ್ಕಿನಲ್ಲಿ ಗುರುತಿಸಲು ನೋಡಿ ಯಾವುದು ಹೆಚ್ಚು ಹೊಂದುತ್ತದೆ ಎಂದು ತೀರ್ಮಾನಿಸುತ್ತದೆ:

```
pdftoppm -r 300 -png kaipidi.pdf p
tesseract p-017.png stdout --psm 0
```

ಉತ್ತರದಲ್ಲಿ `Rotate: 90` ಎಂದು ಬಂದರೆ ಪುಟವನ್ನು ಬಲಕ್ಕೆ 90 ಡಿಗ್ರಿ ತಿರುಗಿಸಬೇಕು. ಅದರಡಿಯಲ್ಲೇ `Orientation confidence` ಎಂಬ ಸಾಲಿದೆ. ಅದನ್ನು ಓದುವವರು ಕಡಿಮೆ. ಅಂಕಿಗಳೇ ತುಂಬಿದ ಪುಟದಲ್ಲಿ ಅದು ಬಹಳ ಕೆಳಗಿಳಿಯುತ್ತದೆ, ಏಕೆಂದರೆ 0, 1, 8 ತಲೆಕೆಳಗಾದರೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತವೆ, 6 ಮತ್ತು 9 ಪರಸ್ಪರ ವೇಷ ಬದಲಿಸುತ್ತವೆ. ಹೀಗೆ 601 ಎಂಬುದು 109 ಆಗುತ್ತದೆ, 689 ತಿರುಗಿದರೂ 689 ಆಗಿಯೇ ಉಳಿಯುತ್ತದೆ.

ಇದೇ ಹೊತ್ತಿಗೆ ಪಿಡಿಎಫ್ ಇನ್ನೊಂದು ಗೊಂದಲ ತಂದಿತು. ಪಿಡಿಎಫ್ ಪುಟಕ್ಕೆ `/Rotate` ಎಂಬ ಸೂಚನೆ ಅಂಟಿಸಿದರೆ ಪರದೆಯ ಮೇಲೆ ಪುಟ ನೆಟ್ಟಗೆ ಕಾಣುತ್ತದೆ, ಒಳಗಿನ ಚಿತ್ರ ಮಾತ್ರ ಮಲಗಿಯೇ ಇರುತ್ತದೆ. `pdftoppm` ಆ ಸೂಚನೆಯನ್ನು ಪಾಲಿಸಿ ಪುಟ ಬಿಡಿಸಿಕೊಡುತ್ತದೆ. `pdfimages` ಒಳಗಿನ ಚಿತ್ರವನ್ನು ಇದ್ದ ಹಾಗೆ ಎತ್ತಿಕೊಡುತ್ತದೆ. ಎರಡನ್ನೂ ಬೆರೆಸಿದ ಕಡೆ ಕೆಲವು ಪುಟಗಳು ಎರಡು ಸಲ ತಿರುಗಿ ಇನ್ನೊಂದು ಬದಿಗೆ ಮಲಗುತ್ತವೆ.

2013ರಲ್ಲಿ ಬಂದ ಟ್ಯಾಬುಲಾ ಪತ್ರಕರ್ತರಿಗೆ ದೊಡ್ಡ ಉಪಕಾರ ಮಾಡಿತು. ಆದರೆ ಅದಕ್ಕೆ ಬೇಕಾದ್ದು ಪಠ್ಯವಿರುವ ಪಿಡಿಎಫ್, ಸ್ಕ್ಯಾನ್ ಚಿತ್ರವಲ್ಲ. ಈ ವ್ಯತ್ಯಾಸ ಮರೆತು ಅದನ್ನು ಹೊಗಳಿದವರೂ ತೆಗಳಿದವರೂ ಸಮಸಮ ಇದ್ದರು.

ನಮ್ಮ ತಲೆಮಾರಿನವರು ಹಿಡಿದದ್ದು ಬೇರೆ ದಾರಿ. ಪುಟದ ದಿಕ್ಕನ್ನು ಅಕ್ಷರದ ಆಕಾರದಿಂದಲ್ಲ, ಕೋಷ್ಟಕದ ಒಳಗಿನ ಸಾಕ್ಷ್ಯದಿಂದ ತೀರ್ಮಾನಿಸುವುದು. ನಮ್ಮ ಸರ್ಕಾರಿ ಕೋಷ್ಟಕಗಳಲ್ಲಿ ಶೀರ್ಷಿಕೆಯ ಕೆಳಗೆ 1, 2, 3 ಎಂದು ಕಾಲಂ ಸಂಖ್ಯೆಗಳ ಸಾಲೊಂದು ಇರುತ್ತದೆ. ಪುಟವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಆ ಸಾಲನ್ನಷ್ಟೇ ಓದಿಸಿದರೆ, ಸಂಖ್ಯೆಗಳು ಎಡದಿಂದ ಬಲಕ್ಕೆ ಕ್ರಮವಾಗಿ ಏರುವುದು ಒಂದೇ ದಿಕ್ಕಿನಲ್ಲಿ. ಅದೇ ಸರಿಯಾದ ದಿಕ್ಕು.

ಇನ್ನೊಂದು ಸಾಕ್ಷಿ ಮೊತ್ತ. ಒಂದು ಹಳ್ಳಿಯ ಸಾಲಿನಲ್ಲಿ ಒಟ್ಟು 196, ಗಂಡಸರು 106, ಹೆಂಗಸರು 90 ಎಂದಿದೆ ಎನ್ನಿ. ನೆಟ್ಟಗಿದ್ದಾಗ ಲೆಕ್ಕ ಕೂಡುತ್ತದೆ. ಪುಟ ತಲೆಕೆಳಗಾದರೆ ಕಾಲಂಗಳೂ ಹಿಂದುಮುಂದಾಗಿ, ಓದುವಾಗ 06, 901, 961 ಬರುತ್ತದೆ. 901ಕ್ಕೆ 6 ಸೇರಿಸಿದರೆ 907, ಆದರೆ ಒಟ್ಟು ಎಂದು ಬಂದಿರುವುದು 961. ಪ್ರತಿ ಸಾಲಿಗೂ ಈ ಕೂಡಿಕೆ ನೋಡಿ, ಒಂದು ಪುಟದಲ್ಲಿ ಬಹುಪಾಲು ಸಾಲುಗಳು ತಪ್ಪಿದರೆ ದಿಕ್ಕು ತಪ್ಪಿದೆ. ಅಲ್ಲೊಂದು ಇಲ್ಲೊಂದು ತಪ್ಪಿದರೆ ಅದು ಒಂದೊಂದು ಅಂಕಿಯ ಓದಿನ ದೋಷ.

ದಿಕ್ಕು ಖಚಿತವಾದ ಮೇಲಷ್ಟೇ ಓರೆ ತಿದ್ದಬೇಕು. 90 ಡಿಗ್ರಿ ತಿರುಗಿಸಿದರೆ ಚಿತ್ರದ ಚುಕ್ಕೆಗಳು ಜಾಗ ಬದಲಿಸುತ್ತವೆ, ಅಷ್ಟೆ. ಒಂದೂವರೆ ಡಿಗ್ರಿ ತಿದ್ದಿದರೆ ಪ್ರತಿ ಚುಕ್ಕೆಯನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗಿ ಅಂಚು ಮಸುಕಾಗುತ್ತದೆ. ಆದ್ದರಿಂದ ಆ ಕೆಲಸ ಒಂದೇ ಸಲ ಆಗಬೇಕು.

ಬಳಿಕ ಪುಟಸಂಖ್ಯೆಯ ಕಾಟ. ಪುಟಸಂಖ್ಯೆ ಮತ್ತು ಅಧ್ಯಾಯದ ಹೆಸರು ಅಚ್ಚಾಗಿರುವುದು ಪುಸ್ತಕದ ದಿಕ್ಕಿಗೆ, ಕೋಷ್ಟಕದ ದಿಕ್ಕಿಗಲ್ಲ. ಪುಟವನ್ನು ಬಲಕ್ಕೆ ತಿರುಗಿಸಿದಾಗ ಮೇಲಂಚು ಬಲಬದಿಗೆ ಬಂದು, ಅಲ್ಲಿದ್ದ ಅಕ್ಷರಗಳು ಇಲ್ಲದ ಕಾಲಂ ಒಂದನ್ನು ಹುಟ್ಟಿಸುತ್ತವೆ. ಕೊನೆಯ ಕಾಲಂ ಆಚೆ ಒಂದೆರಡು ಕೋಶದಲ್ಲಷ್ಟೇ ಏನೋ ತುಂಬಿದ್ದರೆ ಅದೇ ಇದು. ಓದಿಸುವ ಮೊದಲೇ ಆ ಪಟ್ಟಿಯನ್ನು ಕತ್ತರಿಸಿಬಿಡುವುದು ವಾಸಿ.

ಜೋಡಣೆಗೂ ಕಾಲಂ ಸಂಖ್ಯೆಗಳೇ ಆಧಾರ. ಮುಂದಿನ ಪುಟದಲ್ಲಿ ಸಂಖ್ಯೆ ಮತ್ತೆ 1ರಿಂದ ಶುರುವಾದರೆ ಅದನ್ನು ಕೆಳಗೆ ಸೇರಿಸಬೇಕು. 10ರಿಂದ ಮುಂದುವರಿದರೆ ಹಳ್ಳಿಯ ಕ್ರಮಸಂಖ್ಯೆ ಹಿಡಿದು ಪಕ್ಕಕ್ಕೆ ಕೂಡಿಸಬೇಕು. ಸಾಲಿನ ಎಣಿಕೆ ನಂಬಿ ಪಕ್ಕಕ್ಕೆ ಅಂಟಿಸಿದರೆ ಒಂದು ಪುಟದಲ್ಲಿ ಹೆಸರು ಎರಡು ಸಾಲಾಗಿ ಮುರಿದರೂ ಸಾಕು, ಅಲ್ಲಿಂದ ಕೆಳಗಿನ ಹಳ್ಳಿಗಳೆಲ್ಲ ನೆರೆಹಳ್ಳಿಯ ಅಂಕಿ ಹೊತ್ತು ನಿಲ್ಲುತ್ತವೆ.

ಈಚಿನ ಘಟ್ಟ ಯಂತ್ರಕಲಿಕೆಯದು. ಮೈಕ್ರೋಸಾಫ್ಟಿನ ಪಬ್‌ಟೇಬಲ್ಸ್-1ಎಂ ದತ್ತಸಂಗ್ರಹದಲ್ಲಿ ಮಲಗಿದ ಕೋಷ್ಟಕಕ್ಕೆ `table rotated` ಎಂಬ ಪ್ರತ್ಯೇಕ ವರ್ಗವೇ ಇದೆ. ಮಲಗಿದ ಕೋಷ್ಟಕವನ್ನು ಗುರುತಿಸಬೇಕು ಎಂದು ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಅದರ ಮಾದರಿಗಳು ವೈಜ್ಞಾನಿಕ ಲೇಖನಗಳಿಂದ ಬಂದವು. ಗೆರೆ ಅಳಿಸಿದ, ಮಸಿ ಹರಡಿದ ಹಳೆಯ ಅಚ್ಚಿನ ಪುಟ ಅದರ ಅನುಭವಕ್ಕೆ ಹೊರಗು. ಮಲಗಿದೆ ಎಂಬ ಉತ್ತರದಿಂದ ತಲೆ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುವುದೂ ಇಲ್ಲ.

ಇಷ್ಟೆಲ್ಲದರ ನಡುವೆ ಯಾರೂ ಮಾಡದ ಸುಲಭದ ಕೆಲಸವೊಂದು ಉಳಿದಿದೆ. ಸ್ಕ್ಯಾನ್ ಮಾಡುವವರ ಕೈಯಲ್ಲಿ ಪುಸ್ತಕವೇ ಇರುತ್ತದೆ, ಯಾವ ಪುಟ ಎತ್ತ ಮಲಗಿದೆ ಎಂದು ಅವರ ಕಣ್ಣಿಗೆ ಕಾಣುತ್ತದೆ. ಪುಟಸಂಖ್ಯೆ ಮತ್ತು ತಿರುವಿನ ಡಿಗ್ರಿ, ಈ ಎರಡೇ ಕಾಲಂಗಳ ಪಟ್ಟಿಯೊಂದನ್ನು ಪ್ರತಿ ಸಂಪುಟದ ಜೊತೆ ಇಟ್ಟರೆ ಮುಂದಿನವರ ಅರ್ಧ ಕೆಲಸ ಮುಗಿಯುತ್ತದೆ. ಅಂಥ ಪಟ್ಟಿ ಸಿಗುವವರೆಗೆ ನಾವಾದರೂ ನಮ್ಮ ಸ್ಪ್ರೆಡ್‌ಶೀಟಿನ ಪ್ರತಿ ಸಾಲಿಗೂ ಮೂಲ ಪುಟದ ಸಂಖ್ಯೆ ಮತ್ತು ತಿರುವು ಬರೆದಿಡೋಣ. ಈ ಎರಡು ಕಾಲಂ ಇಲ್ಲದ ಹಾಳೆಯ ಅಂಕಿಯನ್ನು ಮೂಲದ ಜೊತೆ ತಾಳೆ ನೋಡದೆ ಬಳಸಬೇಡಿ.