ಹಣಕಾಸು ಮುಖ್ಯಸ್ಥರ ಅಧೀನದಲ್ಲಿ ಆಂತರಿಕ ಲೆಕ್ಕಪರಿಶೋಧನೆ: ವರ್ಲ್ಡ್‌ಕಾಮ್ ಪ್ರಕರಣವನ್ನು ಆಧರಿಸಿದ ಟಿಪ್ಪಣಿ

ಅನೇಕ ಕಂಪನಿಗಳಲ್ಲಿ ಇಂಟರ್ನಲ್ ಆಡಿಟ್ ಮುಖ್ಯಸ್ಥರಿಗೆ ಇಬ್ಬರು ಮೇಲಧಿಕಾರಿಗಳಿರುತ್ತಾರೆ. ವರದಿಯ ಹೊಣೆ ನಿರ್ದೇಶಕ ಮಂಡಳಿಯ ಆಡಿಟ್ ಕಮಿಟಿಗೆ ಸೇರಿದ್ದು. ರಜೆ, ಪ್ರಯಾಣದ ಬಿಲ್ಲು, ಸಿಬ್ಬಂದಿ ನೇಮಕ, ಬಜೆಟ್, ವಾರ್ಷಿಕ ಮೌಲ್ಯಮಾಪನ ಇವೆಲ್ಲ ಹಣಕಾಸು ಮುಖ್ಯಸ್ಥರ, ಅಂದರೆ ಸಿಎಫ್‌ಒ ಅವರ ಮೇಜಿಗೆ ಹೋಗುತ್ತವೆ. ಮೊದಲನೆಯದನ್ನು ಕಾರ್ಯಾತ್ಮಕ ಹೊಣೆ ಎಂದೂ ಎರಡನೆಯದನ್ನು ಆಡಳಿತಾತ್ಮಕ ಅಧೀನತೆ ಎಂದೂ ಕರೆಯುವುದು ರೂಢಿ. ಸಂಘಟನಾ ನಕ್ಷೆಯಲ್ಲಿ ಒಂದು ಗೆರೆ ಕಮಿಟಿಯತ್ತ, ಇನ್ನೊಂದು ಗೆರೆ ಸಿಎಫ್‌ಒ ಅವರತ್ತ ಹೋಗುವುದರಿಂದ ಸ್ವಾತಂತ್ರ್ಯ ಉಳಿದಿದೆ ಎಂದು ಭಾವಿಸಲಾಗುತ್ತದೆ. ಈ ಎರಡನೆಯ ಗೆರೆಯ ಮೂಲಕ ಪರಿಶೋಧನೆಯನ್ನು ನಿಜವಾಗಿ ತಡೆಯಬಲ್ಲ ಅಧಿಕಾರಗಳು ಯಾವುವು, ಅವನ್ನು ಹೇಗೆ ಬೇರ್ಪಡಿಸಬೇಕು ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಇದಕ್ಕೆ ಅಮೆರಿಕದ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್‌ನ 2002ರ ಪ್ರಕರಣ ಒಳ್ಳೆಯ ಆಕರ. ಅಲ್ಲಿ ಪರಿಶೋಧಕರು ಗೆದ್ದರು ಎಂಬುದು ಎಲ್ಲರಿಗೂ ಗೊತ್ತು. ಗೆಲ್ಲಲು ಯಾವ ದಾರಿಗಳಲ್ಲಿ ಸುತ್ತಿ ಹೋಗಬೇಕಾಯಿತು ಎಂಬುದರ ಕಡೆಗೆ ಗಮನ ಹೋಗಿರುವುದು ಕಡಿಮೆ.

ವರ್ಲ್ಡ್‌ಕಾಮ್‌ನ ಕೇಂದ್ರ ಕಚೇರಿ ಮಿಸಿಸಿಪಿ ರಾಜ್ಯದ ಕ್ಲಿಂಟನ್‌ನಲ್ಲಿತ್ತು. ಇಂಟರ್ನಲ್ ಆಡಿಟ್ ಮುಖ್ಯಸ್ಥೆ ಸಿಂಥಿಯಾ ಕೂಪರ್ ಅವರ ದೈನಂದಿನ ಮೇಲಧಿಕಾರಿ ಸಿಎಫ್‌ಒ ಸ್ಕಾಟ್ ಸಲಿವನ್. ಆಡಿಟ್ ಕಮಿಟಿಯ ಅಧ್ಯಕ್ಷ ಮ್ಯಾಕ್ಸ್ ಬಾಬಿಟ್. ಕಂಪನಿಯ ಅತಿ ದೊಡ್ಡ ಖರ್ಚು ಬೇರೆ ಕಂಪನಿಗಳ ದೂರವಾಣಿ ಜಾಲ ಬಳಸಿದ್ದಕ್ಕೆ ತೆರುತ್ತಿದ್ದ ಬಾಡಿಗೆ. ಅದು ಆಯಾ ತ್ರೈಮಾಸಿಕದ ಲಾಭ-ನಷ್ಟ ಲೆಕ್ಕದಲ್ಲೇ ಖರ್ಚಾಗಿ ಕಾಣಬೇಕಾದ ಮೊತ್ತ. 2001ರ ಆರಂಭದಿಂದ 2002ರ ಮೊದಲ ತ್ರೈಮಾಸಿಕದವರೆಗೆ ಅದರ ಒಂದು ಭಾಗವನ್ನು ಜರ್ನಲ್ ನಮೂದುಗಳ ಮೂಲಕ ಆಸ್ತಿ ಖಾತೆಗಳಿಗೆ ವರ್ಗಾಯಿಸಲಾಯಿತು. ಬಾಡಿಗೆ ಕೊಟ್ಟದ್ದನ್ನು ಕಟ್ಟಡ ಕಟ್ಟಿದಂತೆ ಬರೆದುಕೊಂಡ ಹಾಗೆ. ಮೊದಲು ಬಯಲಾದ ಮೊತ್ತ ಸುಮಾರು 380 ಕೋಟಿ ಡಾಲರ್. ಅದರಲ್ಲಿ 300 ಕೋಟಿಗೂ ಹೆಚ್ಚು 2001ರದ್ದು. ಖರ್ಚು ಆಸ್ತಿಯಾದಷ್ಟೂ ಲಾಭ ಉಬ್ಬಿತು.

ಇಷ್ಟು ದೊಡ್ಡ ಮೊತ್ತ ಇಂಟರ್ನಲ್ ಆಡಿಟ್ ಕಣ್ಣಿಗೆ ಅಷ್ಟು ಕಾಲ ಬೀಳದಿದ್ದುದು ಏಕೆ? ಅವರು ಅಲ್ಲಿ ನೋಡುತ್ತಲೇ ಇರಲಿಲ್ಲ. ಅವರ ಕೆಲಸದ ಬಹುಪಾಲು ಕಾರ್ಯಾಚರಣೆಗೆ ಸಂಬಂಧಿಸಿದ್ದು: ಎಲ್ಲಿ ಸೋರಿಕೆಯಿದೆ, ಎಲ್ಲಿ ಹಣ ಉಳಿಸಬಹುದು ಎಂಬುದರ ಪರಿಶೀಲನೆ. ಹಣಕಾಸು ವರದಿಗಳ ಪರಿಶೋಧನೆಯನ್ನು ಹೊರಗಿನ ಸಂಸ್ಥೆ ಆರ್ಥರ್ ಆಂಡರ್ಸನ್‌ಗೆ ಬಿಡಲಾಗಿತ್ತು. ಯಾರೂ ಯಾವ ಪರಿಶೋಧನೆಯನ್ನೂ ನಿಲ್ಲಿಸಬೇಕಾಗಿರಲಿಲ್ಲ, ಬೆದರಿಕೆಯ ಅಗತ್ಯವೂ ಇರಲಿಲ್ಲ. ಸಿಎಫ್‌ಒ ಅವರ ಸ್ವಂತ ಅಂಗಳ ವ್ಯಾಪ್ತಿಯಿಂದಲೇ ಹೊರಗಿತ್ತು. ಈ ಪ್ರಕರಣದ ಅತ್ಯಂತ ಮುಖ್ಯ ಸಂಗತಿ ಇದೇ ಎಂದು ನನ್ನ ಅಭಿಪ್ರಾಯ. ಸ್ವಾತಂತ್ರ್ಯದ ನಷ್ಟವನ್ನು ನಾವು ಜಗಳದಲ್ಲಿ, ರಾಜೀನಾಮೆಯಲ್ಲಿ ಹುಡುಕುತ್ತೇವೆ. ಅದು ಹೆಚ್ಚಾಗಿ ವರ್ಷದ ಆರಂಭದಲ್ಲಿ, ಯಾರೂ ಆಕ್ಷೇಪಿಸದ ಒಂದು ಪರಿಶೋಧನಾ ಯೋಜನೆಯಲ್ಲಿ ಆಗಿಹೋಗಿರುತ್ತದೆ.

2002ರ ಆರಂಭದಲ್ಲಿ ಮೊದಲ ಘರ್ಷಣೆ ಕಾಣಿಸಿಕೊಂಡಿತು. ಬಾಕಿ ವಸೂಲಾಗದಿದ್ದರೆ ಎಂದು ತೆಗೆದಿರಿಸಿದ್ದ ಸುಮಾರು 40 ಕೋಟಿ ಡಾಲರನ್ನು ಕೇಂದ್ರ ಲೆಕ್ಕ ವಿಭಾಗ ಲಾಭಕ್ಕೆ ಸೇರಿಸಿಕೊಳ್ಳಲು ಹೊರಟಿದೆ ಎಂದು ವೈರ್‌ಲೆಸ್ ವಿಭಾಗದ ಮುಖ್ಯಸ್ಥರು ಕೂಪರ್ ಅವರಿಗೆ ದೂರಿದರು. ಕೂಪರ್ ವಿಷಯವನ್ನು ಆಡಿಟ್ ಕಮಿಟಿಗೆ ಒಯ್ದರು, ಸಲಿವನ್ ಹಿಂದೆ ಸರಿದರು. ಬಳಿಕ ಕೂಪರ್ ಅವರನ್ನು ಸಂಪರ್ಕಿಸಿ, ಇನ್ನು ಮುಂದೆ ಆ ವಿಭಾಗದ ವ್ಯವಹಾರದಲ್ಲಿ ತಲೆಹಾಕಬೇಡಿ ಎಂದು ಎಚ್ಚರಿಸಿದರು. ಕಮಿಟಿಯ ಎದುರು ಗೆದ್ದ ಪರಿಶೋಧಕಿ ಕಚೇರಿಗೆ ಮರಳಿದ್ದು ಅದೇ ಮೇಲಧಿಕಾರಿಯ ಕೈಕೆಳಗೆ. ಎರಡು ಗೆರೆಗಳ ನಕ್ಷೆ ಈ ಮರುದಿನದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಆ ನಂತರ ಕೂಪರ್ ಅವರ ತಂಡ ಬಂಡವಾಳ ವೆಚ್ಚದ ಪರಿಶೋಧನೆಯನ್ನು ಮುಂದಾಗಿಯೇ ಕೈಗೆತ್ತಿಕೊಂಡಿತು. ಜರ್ನಲ್ ನಮೂದುಗಳ ಪೂರ್ಣ ವಿವರ ನೋಡಲು ಅವರಿಗೆ ಅನುಮತಿ ಇರಲಿಲ್ಲ. ಲೆಕ್ಕದ ಕೀಲಿ ಹಣಕಾಸು ವಿಭಾಗದ ಬಳಿ ಇತ್ತು. ತಂಡದ ಜೀನ್ ಮೋರ್ಸ್ ಮಾಹಿತಿ ತಂತ್ರಜ್ಞಾನ ವಿಭಾಗದವರು ಹೊಸ ತಂತ್ರಾಂಶವೊಂದನ್ನು ಪರೀಕ್ಷಿಸುತ್ತಿದ್ದ ಸಂದರ್ಭ ಬಳಸಿಕೊಂಡು, ಆ ದಾರಿಯಿಂದ ಒಳಗಿನ ದತ್ತಾಂಶವನ್ನು ತಲುಪಿದರು. ಸರ್ವರ್ ನಿಧಾನವಾಗಿ ಯಾರಿಗಾದರೂ ಅನುಮಾನ ಬರಬಾರದೆಂದು ರಾತ್ರಿ ಹೊತ್ತಿನಲ್ಲಿ ದತ್ತಾಂಶ ಇಳಿಸಿಕೊಂಡರು. ಅಳಿಸಿಹೋಗಬಹುದೆಂಬ ಭಯದಿಂದ ಸಿ.ಡಿ.ಗಳಿಗೆ ಪ್ರತಿ ಮಾಡಿಟ್ಟರು. ಕಂಪನಿಯೇ ಸಂಬಳ ಕೊಟ್ಟು ಇಟ್ಟುಕೊಂಡ ಪರಿಶೋಧಕ ಕಂಪನಿಯ ಲೆಕ್ಕವನ್ನು ಕದ್ದು ನೋಡಬೇಕಾಯಿತು. ಈ ವಿವರ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ತಂತ್ರಾಂಶ ಪರೀಕ್ಷೆ ಆಗ ನಡೆಯದೇ ಇದ್ದಿದ್ದರೆ ದಾರಿ ಬಹಳ ಕಷ್ಟವಾಗುತ್ತಿತ್ತು.

ಜೂನ್ ಎರಡನೆಯ ವಾರದಲ್ಲಿ ಸಲಿವನ್ ಕೂಪರ್ ಅವರನ್ನು ಕರೆದು ಈ ಪರಿಶೋಧನೆಯನ್ನು ಮೂರನೆಯ ತ್ರೈಮಾಸಿಕಕ್ಕೆ ಮುಂದೂಡುವಂತೆ ಕೇಳಿದರು. ನಿಲ್ಲಿಸಿ ಎನ್ನಲಿಲ್ಲ, ಮುಂದೂಡಿ ಎಂದರು. ಆಡಳಿತಾತ್ಮಕ ಮೇಲಧಿಕಾರಿಯ ಬಾಯಲ್ಲಿ ಇದು ದಿನನಿತ್ಯ ಕೇಳಿಬರುವ ಮಾತು: ಈಗ ತ್ರೈಮಾಸಿಕದ ಲೆಕ್ಕ ಮುಚ್ಚುವ ಒತ್ತಡವಿದೆ, ಸಿಬ್ಬಂದಿ ಸಾಲದು, ಮುಂದಿನ ಸಲ ನೋಡೋಣ. ಕೂಪರ್ ಒಪ್ಪಲಿಲ್ಲ. ಅವರು ನೇರವಾಗಿ ಬಾಬಿಟ್ ಅವರಿಗೆ ತಿಳಿಸಿದರು. ಆಂಡರ್ಸನ್ ಬದಲಿಗೆ ಅದೇ ವರ್ಷ ನೇಮಕವಾಗಿದ್ದ ಕೆಪಿಎಂಜಿ ಸಂಸ್ಥೆಯವರನ್ನೂ ಒಳಗೊಳಿಸಿದರು. ನಮೂದುಗಳಿಗೆ ಆಧಾರ ಕೇಳಿದಾಗ ಕಂಟ್ರೋಲರ್ ಡೇವಿಡ್ ಮೈಯರ್ಸ್ ಆಧಾರವಿಲ್ಲವೆಂದು ಒಪ್ಪಿಕೊಂಡರು. ಜೂನ್ 25ರಂದು ಕಂಪನಿ ವಿಷಯವನ್ನು ಪ್ರಕಟಿಸಿತು, ಸಲಿವನ್ ಅವರನ್ನು ವಜಾ ಮಾಡಿತು. ಜುಲೈನಲ್ಲಿ ವರ್ಲ್ಡ್‌ಕಾಮ್ ದಿವಾಳಿ ಅರ್ಜಿ ಹಾಕಿತು.

ಇಲ್ಲಿ ಮೂರು ಅಧಿಕಾರಗಳು ಸ್ಪಷ್ಟವಾಗಿ ಕಾಣುತ್ತವೆ: ವ್ಯಾಪ್ತಿ ಮತ್ತು ಸಮಯವನ್ನು ನಿರ್ಧರಿಸುವುದು, ಲೆಕ್ಕದ ದತ್ತಾಂಶಕ್ಕೆ ಪ್ರವೇಶ ಕೊಡುವುದು, ಪರಿಶೋಧಕರ ಸಂಬಳ-ಬಡ್ತಿಯನ್ನು ತೀರ್ಮಾನಿಸುವುದು. ರಜೆ ಚೀಟಿಗೆ, ಪ್ರಯಾಣದ ಬಿಲ್ಲಿಗೆ ಸಿಎಫ್‌ಒ ಸಹಿ ಹಾಕುವುದರಿಂದ ಹೆಚ್ಚಿನ ಕೇಡಿಲ್ಲ. ಈ ಮೂರು ಅವರ ಬಳಿ ಉಳಿದರೆ ಕಮಿಟಿಯತ್ತ ಎಳೆದ ಗೆರೆ ಬರೀ ಅಲಂಕಾರ.

ನಮ್ಮ ಕಾನೂನು ಈ ಬಗ್ಗೆ ಎಷ್ಟು ಹೇಳುತ್ತದೆ? ಕಂಪನಿ ಕಾಯ್ದೆ 2013ರ 138ನೆಯ ಕಲಂ ನಿಗದಿತ ಕಂಪನಿಗಳು ಇಂಟರ್ನಲ್ ಆಡಿಟರನ್ನು ನೇಮಿಸಬೇಕೆನ್ನುತ್ತದೆ. ಅವರು ಆಡಳಿತಾತ್ಮಕವಾಗಿ ಯಾರ ಅಧೀನದಲ್ಲಿರಬೇಕೆಂದು ಅಲ್ಲಿ ಹೇಳಿಲ್ಲ. ಆದರೆ ಅದರಡಿಯ ನಿಯಮ ವ್ಯಾಪ್ತಿ, ಕಾಲಾವಧಿ, ವಿಧಾನಗಳನ್ನು ಇಂಟರ್ನಲ್ ಆಡಿಟರ್ ಜೊತೆ ಸಮಾಲೋಚಿಸಿ ರೂಪಿಸುವ ಕೆಲಸವನ್ನು ಆಡಿಟ್ ಕಮಿಟಿಗೆ ಅಥವಾ ಮಂಡಳಿಗೆ ಕೊಟ್ಟಿದೆ. ಅಂದರೆ ಮೊದಲನೆಯ ಅಧಿಕಾರ ಕಾನೂನಿನಲ್ಲಿ ಸಿಎಫ್‌ಒ ಅವರದ್ದಲ್ಲವೇ ಅಲ್ಲ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಿಗೆ ಸೆಬಿಯ 2015ರ ನಿಯಮಾವಳಿ ಇನ್ನೊಂದು ಹೆಜ್ಜೆ ಹೋಗುತ್ತದೆ: ಮುಖ್ಯ ಇಂಟರ್ನಲ್ ಆಡಿಟರ್ ನೇಮಕ, ತೆಗೆದುಹಾಕುವಿಕೆ, ಸಂಭಾವನೆಯ ಷರತ್ತುಗಳನ್ನು ಕಮಿಟಿ ಪರಿಶೀಲಿಸಬೇಕು. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2021ರ ಜನವರಿ 7ರ ಸುತ್ತೋಲೆಯಲ್ಲಿ ಬಹಳ ನಿಖರವಾಗಿದೆ. ಆಡಿಟ್ ಮುಖ್ಯಸ್ಥರು ಕಮಿಟಿಗೆ ಅಥವಾ ಎಂ.ಡಿ. ಇಲ್ಲವೇ ಪೂರ್ಣಾವಧಿ ನಿರ್ದೇಶಕರಿಗೆ ನೇರ ಹೊಣೆಯಾಗಿರಬೇಕು. ಎಂ.ಡಿ. ಅವರೇ ಮೌಲ್ಯಮಾಪನ ಬರೆದರೂ ಅದನ್ನು ಪುನರ್‌ಪರಿಶೀಲಿಸುವ ಅಧಿಕಾರ ಕಮಿಟಿಗೆ, ಅಂಗೀಕರಿಸುವ ಅಧಿಕಾರ ಮಂಡಳಿಗೆ. ಅಂತಹ ಸಂದರ್ಭದಲ್ಲಿ, ಹಿರಿಯ ಆಡಳಿತಗಾರರು ಹೊರಗಿರುವಾಗ ಕಮಿಟಿ ಆಡಿಟ್ ಮುಖ್ಯಸ್ಥರನ್ನು ತ್ರೈಮಾಸಿಕಕ್ಕೊಮ್ಮೆಯಾದರೂ ಭೇಟಿಯಾಗಬೇಕು. ಬ್ಯಾಂಕಲ್ಲದ ಕಂಪನಿಗಳೂ ಇದೇ ಮಾದರಿಯನ್ನು ತಮ್ಮ ಆಡಿಟ್ ಚಾರ್ಟರ್‌ನಲ್ಲಿ ಸ್ವಂತ ಇಚ್ಛೆಯಿಂದ ಬರೆದುಕೊಳ್ಳಬಹುದು, ಅಡ್ಡಿಯೇನಿಲ್ಲ.

ಚಾರ್ಟರ್ ಬರೆಯುವಾಗ ನಾನು ಹೆಚ್ಚು ಒತ್ತು ಕೊಡುವುದು ಹಣಕಾಸು ವಿಭಾಗದ ಪರಿಶೋಧನೆಗಳ ಮೇಲೆ. ಗೋದಾಮು, ಖರೀದಿ, ಕಾರ್ಖಾನೆಯ ಪರಿಶೋಧನೆಗಳಲ್ಲಿ ಸಿಎಫ್‌ಒ ಅವರಿಗೆ ಸ್ವಹಿತಾಸಕ್ತಿ ಕಡಿಮೆ; ಅಲ್ಲಿ ಅವರು ಒಳ್ಳೆಯ ಬೆಂಬಲಿಗರೂ ಆಗಬಲ್ಲರು. ಜರ್ನಲ್ ನಮೂದು, ಖರ್ಚನ್ನು ಆಸ್ತಿಯಾಗಿ ತೋರಿಸುವ ನಿರ್ಧಾರ, ಖಜಾನೆ, ಪಾವತಿ, ಮೀಸಲು ಮೊತ್ತಗಳ ಪರಿಶೋಧನೆಯ ಕರಡು ಮಾತ್ರ ಸಿಎಫ್‌ಒ ಅವರ ಅನುಮೋದನೆಗೆ ಹೋಗಬಾರದು. ಅದು ಅವರ ಪ್ರತಿಕ್ರಿಯೆಗೆ ಹೋಗಬೇಕು, ಅದೇ ದಿನ ಕಮಿಟಿ ಅಧ್ಯಕ್ಷರಿಗೂ ಒಂದು ಪ್ರತಿ ಹೋಗಬೇಕು. ಯೋಜನೆಯಿಂದ ಯಾವ ಪರಿಶೋಧನೆಯನ್ನು ಕೈಬಿಟ್ಟರೂ ಮುಂದೂಡಿದರೂ ಕಮಿಟಿಯ ಒಪ್ಪಿಗೆ ಬೇಕು. ಯಾರು ಕೇಳಿದರು, ಏಕೆ ಕೇಳಿದರು ಎಂಬುದು ನಡಾವಳಿಯಲ್ಲಿ ದಾಖಲಾಗಬೇಕು. ಲೆಕ್ಕ ತಂತ್ರಾಂಶಕ್ಕೆ ಓದಲು ಮಾತ್ರ ಅವಕಾಶವಿರುವ ಸ್ಥಾಯಿ ಪ್ರವೇಶವನ್ನು ಕಮಿಟಿಯ ನಿರ್ಣಯದ ಮೂಲಕ ಒಮ್ಮೆ ಕೊಟ್ಟುಬಿಡಬೇಕು. ಪ್ರತಿ ಸಲ ಹಣಕಾಸು ವಿಭಾಗಕ್ಕೆ ಮನವಿ ಬರೆಯುವ ಪದ್ಧತಿ ಇದ್ದರೆ ಪರಿಶೋಧನೆ ಎಲ್ಲಿ ನಡೆಯಲಿದೆ ಎಂಬ ಮುನ್ಸೂಚನೆಯನ್ನು ಪರಿಶೋಧಕರೇ ಕೊಟ್ಟಂತಾಗುತ್ತದೆ.

ಸ್ವಾತಂತ್ರ್ಯ ಕುಂದುತ್ತಿದೆ ಎಂದು ಕಮಿಟಿಗೆ ಗೊತ್ತಾಗುವುದು ಹೇಗೆ? ಸಾಮಾನ್ಯವಾಗಿ ಕಮಿಟಿಯ ಮುಂದೆ ಬರುವುದು ಒಟ್ಟು ಶೇಕಡಾವಾರು ಅಂಕಿ, ಅದು ಮೋಸ ಮಾಡಬಲ್ಲದು. ಒಂದು ಕಲ್ಪಿತ ಉದಾಹರಣೆ ನೋಡೋಣ. ಯೋಜನೆಯಲ್ಲಿ 20 ಪರಿಶೋಧನೆಗಳಿವೆ. ಅವುಗಳಲ್ಲಿ 5 ಹಣಕಾಸು ವಿಭಾಗದವು. ವರ್ಷದ ಕೊನೆಗೆ 17 ಮುಗಿದಿವೆ. ಶೇ. 85 ಎಂದರೆ ಯಾವ ಕಮಿಟಿಗೂ ಸಮಾಧಾನವೇ. ಬಾಕಿ ಉಳಿದ ಮೂರೂ ಹಣಕಾಸಿನವಾದರೆ ಚಿತ್ರ ಬದಲಾಗುತ್ತದೆ: ಉಳಿದ ವಿಭಾಗಗಳಲ್ಲಿ ಶೇ. 100, ಹಣಕಾಸಿನಲ್ಲಿ ಶೇ. 40. ಪ್ರತಿ ಮುಂದೂಡಿಕೆಗೂ ಒಪ್ಪತಕ್ಕ ಕಾರಣವಿರಬಹುದು. ಮೂರೂ ಒಂದೇ ಬಾಗಿಲಲ್ಲಿ ನಿಂತದ್ದಕ್ಕೆ ಆ ಕಾರಣಗಳು ಉತ್ತರವಾಗುವುದಿಲ್ಲ. ಇದೇ ರೀತಿ ಕರಡು ವರದಿಯ ಮೊದಲ ಆವೃತ್ತಿಯನ್ನೂ ಅಂತಿಮ ಆವೃತ್ತಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹಣಕಾಸು ವಿಭಾಗದ ದೋಷಗಳ ತೀವ್ರತೆ ‘ಹೆಚ್ಚು’ ಇದ್ದದ್ದು ‘ಮಧ್ಯಮ’ಕ್ಕೆ ಇಳಿದಿದ್ದು, ಬೇರೆ ವಿಭಾಗಗಳಲ್ಲಿ ಹಾಗೆ ಆಗಿಲ್ಲದಿದ್ದರೆ, ಹೊಸ ಸಾಕ್ಷ್ಯ ಏನು ಬಂತೆಂದು ಕೇಳಬೇಕು. ಈ ಎರಡೂ ಪರೀಕ್ಷೆಗಳಿಗೆ ಹೊರಗಿನ ಸಲಹೆಗಾರರು ಬೇಕಿಲ್ಲ, ಕಮಿಟಿಯ ಕಾರ್ಯದರ್ಶಿಯೇ ಮಾಡಬಲ್ಲರು.

ಇವುಗಳಿಗೂ ಮಿತಿಯಿದೆ. ಯೋಜನೆಯೊಳಗೆ ಸೇರದೇ ಇದ್ದ ಪರಿಶೋಧನೆ ಮುಂದೂಡಿಕೆಯ ಪಟ್ಟಿಯಲ್ಲಿ ಕಾಣುವುದಿಲ್ಲ. ವರ್ಲ್ಡ್‌ಕಾಮ್‌ನಲ್ಲಿ ವರ್ಷಗಟ್ಟಲೆ ಆದದ್ದು ಅದೇ. ಕಂಪನಿಯ ಅತಿ ದೊಡ್ಡ ಐದಾರು ಖರ್ಚು ಮತ್ತು ಆಸ್ತಿ ಖಾತೆಗಳ ಪಟ್ಟಿಯನ್ನು ಕಳೆದ ಮೂರು ವರ್ಷಗಳ ಪರಿಶೋಧನೆಗಳ ಪಟ್ಟಿಯ ಪಕ್ಕ ಇಟ್ಟರೆ ಆ ಖಾಲಿ ಜಾಗ ಕಾಣುತ್ತದೆ. ಕಮಿಟಿಯಲ್ಲಿರುವ ಸ್ವತಂತ್ರ ನಿರ್ದೇಶಕರು ಮುಂದಿನ ವರ್ಷದ ಯೋಜನೆಗೆ ಸಹಿ ಹಾಕುವ ಮೊದಲು ಈ ಎರಡು ಪಟ್ಟಿಗಳನ್ನು ಕೇಳಿ ಪಡೆಯಲಿ, ಇಂಟರ್ನಲ್ ಆಡಿಟ್ ಮುಖ್ಯಸ್ಥರೊಂದಿಗೆ, ಸಿಎಫ್‌ಒ ಅವರ ಗೈರಿನಲ್ಲಿ, ಒಮ್ಮೆ ಕೂತು ಓದಲಿ.