ಫೋಲ್ಡಿಂಗ್ ಖಾತೆಯಿಂದ ಸುಕ್ಕಿನ ಹಾಸಿಗೆಗೆ

ಲೋವರ್ ಪರೇಲಿನ ಹಳೆಯ ಗಿರಣಿಯೊಂದರ ಆವರಣದಲ್ಲಿ ನಾನು ಹಾಸಿಗೆ ಹಾಸುವ ಕೆಲಸ ಮಾಡುತ್ತೇನೆ. ಹೀಗೆಂದರೆ ಅಕ್ಕಲಕೋಟೆ ಕಡೆಯ ನಮ್ಮ ನೆಂಟರು ನಾನು ಯಾವುದೋ ಲಾಡ್ಜಿನಲ್ಲಿದ್ದೇನೆ ಎಂದುಕೊಳ್ಳುತ್ತಾರೆ. ನಾನು ಹಾಸಿದ ಹಾಸಿಗೆಯ ಮೇಲೆ ಯಾರೂ ಮಲಗುವುದಿಲ್ಲ. ಅದರ ಫೋಟೋ ತೆಗೆಯುತ್ತಾರೆ, ಅಷ್ಟೆ. ಗಾದಿ, ಬೆಡ್‌ಶೀಟ್ ಮಾರುವ ಕಂಪನಿಗಳ ಜಾಹೀರಾತಿನಲ್ಲಿ ಆಗತಾನೇ ಯಾರೋ ಎದ್ದು ಹೋದಂತೆ ಮುದುಡಿದ ಚಾದರ, ಕಿಟಕಿಯಿಂದ ಓರೆಯಾಗಿ ಬಿದ್ದ ಬೆಳಗಿನ ಬೆಳಕು, ಕಣ್ಣಿಗೆ ಹಿತವಾದ ಕೆನೆಬಣ್ಣ ಕಾಣುತ್ತವಲ್ಲ, ಆ ಬೆಳಗನ್ನು ನಾವು ಸಾಧಾರಣವಾಗಿ ಮಧ್ಯಾಹ್ನ ಎರಡರಿಂದ ರಾತ್ರಿ ಹನ್ನೊಂದರ ನಡುವೆ ತಯಾರಿಸುತ್ತೇವೆ.

ನನ್ನ ಅಪ್ಪ ಇಲ್ಲಿಂದ ಅರ್ಧ ಮೈಲು ದೂರದ ಇನ್ನೊಂದು ಗಿರಣಿಯಲ್ಲಿ ಫೋಲ್ಡಿಂಗ್ ಖಾತೆಯಲ್ಲಿದ್ದ. 1972ರಲ್ಲಿ ಬರಗಾಲಕ್ಕೆ ಊರು ಬಿಟ್ಟು ಬಂದವನು ಮೊದಲು ಬದಲಿ ಕಾರ್ಮಿಕನಾಗಿ, ಅಂದರೆ ದಿನಾ ಗೇಟಿನಲ್ಲಿ ನಿಂತು ಯಾರಾದರೂ ಗೈರಾದರೆ ಒಳಗೆ ಹೋಗುವವನಾಗಿ ದುಡಿದು, ಆಮೇಲೆ ಕಾಯಂ ಆದ. ನೇಯ್ದು, ತೊಳೆದು, ಬಣ್ಣ ಹಾಕಿದ ಬಟ್ಟೆ ಕ್ಯಾಲೆಂಡರ್ ಯಂತ್ರದ ಭಾರದ ಉರುಳೆಗಳ ನಡುವೆ ಹಾದು ನಯವಾಗಿ ಅವನ ಮುಂದೆ ಬರುತ್ತಿತ್ತು. ಅದನ್ನು ಪರೀಕ್ಷಿಸಿ, ಅಳೆದು, ಮಡಿಚಿ ಥಾನು ಕಟ್ಟುವುದು ಅವನ ಖಾತೆಯ ಕೆಲಸ. ಅಲ್ಲಿ ಸುಕ್ಕು ಎಂದರೆ ನಷ್ಟ. ಸುಕ್ಕಿದ್ದ ಬಟ್ಟೆ ಉರುಳೆಯ ಕೆಳಗೆ ಹೋದರೆ ಆ ಗೆರೆ ಒತ್ತಿಕೊಂಡು ಹೊಳೆಯುತ್ತದೆ. ಛಾಪಾ ಹಾಕುವಾಗ ಮಡಿಕೆ ಬಿದ್ದಿದ್ದರೆ ಬಿಡಿಸಿದಾಗ ಹೂವಿನ ನಡುವೆ ಬಿಳಿ ಗೀರು. ಅಂಥ ತುಂಡುಗಳನ್ನು ಕತ್ತರಿಸಿ ‘ಫೆಂಟ್’ ಎಂದು ಅಗ್ಗಕ್ಕೆ ಮಾರುತ್ತಿದ್ದರು. ನಮ್ಮ ಖೋಲಿಯ ಪರದೆ, ಅವ್ವನ ಚೀಲ, ನನ್ನ ಚಡ್ಡಿ ಎಲ್ಲವೂ ಬೇರೆಯವರ ಸುಕ್ಕಿನಿಂದ ಆದವು.

ಆ ಕಾಲದ ಬೆಡ್‌ಶೀಟ್ ಜಾಹೀರಾತುಗಳಲ್ಲಿ ಸುಕ್ಕಿಗೆ ಜಾಗವಿರಲಿಲ್ಲ. 1879ರಲ್ಲಿ ನೌರೋಸ್‌ಜಿ ವಾಡಿಯಾ ಶುರುಮಾಡಿದ ಬಾಂಬೆ ಡೈಯಿಂಗ್‌ನ ಹೆಸರು ಎಂಬತ್ತರ ದಶಕದಲ್ಲಿ ಮನೆಮಾತಾಗಿದ್ದು ಅದರ ಜಾಹೀರಾತುಗಳಿಂದಲೂ ಹೌದು. ಶಶಿ ಕಪೂರರ ಮಗ ಕರಣ್ ಕಪೂರ್ ಅದರ ಮುಖವಾಗಿದ್ದ. ಆಗಿನ ಬೆಡ್‌ಶೀಟ್ ಮಾರಾಟವಾಗುತ್ತಿದ್ದುದು ಛಾಪಾದ ಮೇಲೆ. ದೊಡ್ಡ ಹೂವು, ಗಾಢ ಬಣ್ಣ. ಹೂವು ಪೂರ್ತಿ ಕಾಣಬೇಕಾದರೆ ಚಾದರವನ್ನು ನಾಲ್ಕೂ ಮೂಲೆಗೆ ಬಿಗಿದು, ಮುಂದಿನಿಂದ ಸಮನಾದ ಬೆಳಕು ಹೊಡೆಯಲೇಬೇಕು. ಮುದುಡಿಸಿದರೆ ಗುಲಾಬಿ ಎಲೆಕೋಸಿನಂತೆ ಕಾಣುತ್ತದೆ. ಕೊಳ್ಳುವವರೂ ಅಂಗಡಿಗೆ ಹೋಗಿ ಬಟ್ಟೆ ಮುಟ್ಟಿ ನೋಡುತ್ತಿದ್ದರು. ಚಿತ್ರ ಮುಟ್ಟಿಸುವ ಕೆಲಸ ಮಾಡಬೇಕಿರಲಿಲ್ಲ.

ಈಗ ಆ ಕೆಲಸ ಚಿತ್ರದ ತಲೆಗೆ ಬಂದಿದೆ. 2016ರಲ್ಲಿ ಬೆಂಗಳೂರಿನಲ್ಲಿ ವೇಕ್‌ಫಿಟ್ ಶುರುವಾದ ಮೇಲೆ ಫೋಮ್ ಗಾದಿಯನ್ನು ಸುರುಳಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮನೆಗೆ ಕಳಿಸುವುದು ನಮ್ಮಲ್ಲೂ ರೂಢಿಯಾಯಿತು. ಕೂತು, ಒತ್ತಿ ನೋಡದೆ ಜನ ಗಾದಿ ಕೊಳ್ಳಬೇಕು. ಬಿಗಿದು ಹಾಸಿದ ಹಾಸಿಗೆ ಫೋಟೋದಲ್ಲಿ ಹಲಗೆಯಂತೆ ಕಾಣುತ್ತದೆ. ಬಟ್ಟೆ ಮೃದು, ಗಾದಿ ಮೆತ್ತಗೆ ಎಂದು ಕಣ್ಣಿಗೆ ಹೇಳಬಲ್ಲದ್ದು ಮಡಿಕೆ ಮತ್ತು ಅದರ ನೆರಳು ಮಾತ್ರ. ಮಡಿಕೆಯ ನೆರಳು ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಬೇಕು. ಮನೆಯೊಳಗೆ ಬೆಳಕು ಪಕ್ಕದಿಂದ ಬರುವುದು ಕಿಟಕಿಯಿಂದ. ಬಣ್ಣ ಗಾಢವಾದರೆ ನೆರಳು ಅದರಲ್ಲೇ ಮುಳುಗುತ್ತದೆ, ಹಾಗಾಗಿ ಕೆನೆ, ಬೂದಿ ಮಿಶ್ರಿತ ಹಸಿರು, ತಿಳಿಗಂದು. ಸುಕ್ಕು, ಕಿಟಕಿ, ಶಾಂತ ಬಣ್ಣ ಮೂರೂ ಜೊತೆಯಾಗಿ ಬಂದದ್ದು ಫ್ಯಾಷನ್ನಿಗೆ ಮಾತ್ರವಲ್ಲ ಎಂದು ನಾನು ನಂಬಿದ್ದೇನೆ.

ಸುಕ್ಕು ಮಾಡುವುದು ಸುಲಭವೆಂದು ತಿಳಿಯಬೇಡಿ. ಪ್ಯಾಕೆಟ್ಟಿನಿಂದ ತೆಗೆದ ಚಾದರದಲ್ಲಿ ರಟ್ಟಿನ ಅಳತೆಯ ಚೌಕಾಕಾರದ ಗೆರೆಗಳಿರುತ್ತವೆ. ಅವು ನೆಟ್ಟಗೆ, ಲಂಬಕೋನದಲ್ಲಿ ಬಿದ್ದಿರುತ್ತವೆ. ನಿದ್ದೆ ಮಾಡಿದವರ ಮೈ ಎಂದೂ ಹಾಗೆ ಗೆರೆ ಎಳೆಯುವುದಿಲ್ಲ. ಮೊದಲು ಹಬೆಯಿಂದ ಅವನ್ನೆಲ್ಲ ತೆಗೆಯಬೇಕು. ಆಮೇಲೆ ಇಬ್ಬರು ಚಾದರ ಹಿಡಿದು ಗಾಳಿ ತುಂಬಿಸಿ ಬಿಡುತ್ತೇವೆ. ಅದು ತಾನಾಗಿ ಕೂತ ರೀತಿಯಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಉಳಿದದ್ದಕ್ಕೆ ಸಹಾಯಕ ಹುಡುಗನನ್ನು ಹತ್ತು ನಿಮಿಷ ಮಲಗಿಸಿ ಎಬ್ಬಿಸುತ್ತೇವೆ. ಒಂದು ನೂಲು ಮೇಲೆ ಒಂದು ಕೆಳಗೆ ಬರುವ ಸಾದಾ ನೇಯ್ಗೆಯ ಹತ್ತಿ ಮಡಿಕೆಯನ್ನು ಚೆನ್ನಾಗಿ ಹಿಡಿದಿಡುತ್ತದೆ. ಸ್ಯಾಟೀನ್ ನೇಯ್ಗೆಯಲ್ಲಿ ನೂಲು ಉದ್ದುದ್ದ ತೇಲುವುದರಿಂದ ಅದು ಹೊಳೆದು ಮಡಿಕೆಯನ್ನು ನುಂಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರಂತೂ ಒತ್ತಿದ ಮಡಿಕೆ ಕ್ಯಾಮೆರಾ ಸಜ್ಜಾಗುವಷ್ಟರಲ್ಲಿ ಎದ್ದು ನಿಲ್ಲುತ್ತದೆ. ಗಾದಿಯನ್ನು ಹಿಂದಿನ ದಿನವೇ ಬಿಚ್ಚಿಡಬೇಕು. ಬೆಳಿಗ್ಗೆ ಬಿಚ್ಚಿ ಮಧ್ಯಾಹ್ನ ಫೋಟೋ ತೆಗೆದರೆ ಅದರ ಮೂಲೆಗಳು ಇನ್ನೂ ಒಳಕ್ಕೆ ಬಾಗಿರುತ್ತವೆ. ಎಷ್ಟೇ ಒಳ್ಳೆಯ ಚಾದರ ಹಾಸಿದರೂ ಅದು ಕಾಯಿಲೆ ಬಿದ್ದವನಂತೆ ಕಾಣುತ್ತದೆ.

ಇನ್ನು ಬೆಳಕು. ಮುಂಬಯಿಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ನಿಜವಾದ ಸೂರ್ಯನನ್ನು ನಂಬಿ ಯಾರೂ ಶೂಟಿಂಗ್ ಇಟ್ಟುಕೊಳ್ಳುವುದಿಲ್ಲ. ಮಳೆಯ ಭಯ ನಮಗಿಂತ ದೊಡ್ಡವರಿಗೂ ಪಾಠ ಕಲಿಸಿದೆ. ಸತ್ಯಜಿತ್ ರಾಯ್ ‘ಅಪರಾಜಿತೊ’ ತೆಗೆಯುವಾಗ ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೊದೊಳಗೆ ಕಟ್ಟಬೇಕಾದದ್ದು ಮಳೆಗಾಲಕ್ಕೆ ಹೆದರಿಯೇ. ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಅದಕ್ಕೆ ಹೊಡೆದು, ಮರಳಿ ಬಂದ ಮೆತ್ತನೆಯ ಬೆಳಕನ್ನು ಆಕಾಶದ ಬೆಳಕೆಂದು ನಂಬಿಸಿದರು. ಮುಂಬಯಿಯಲ್ಲಿ ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಉಲ್ಟಾ ಮಾಡಿದರು. ನಿಜವಾದ ಬಿಸಿಲನ್ನೇ ಹೊರಗೊಂದು, ಒಳಗೊಂದು ಕನ್ನಡಿ ಇಟ್ಟು ತಿರುಗಿಸಿ ಕತ್ತಲ ಸ್ಟುಡಿಯೊದೊಳಕ್ಕೆ ಕಂಬದಂತೆ ಇಳಿಸಿದರು. ದೀಪದಿಂದ ಅಂಥ ಕಿರಣ ಬರುವುದಿಲ್ಲ, ಏಕೆಂದರೆ ದೀಪ ಹತ್ತಿರದಲ್ಲಿದೆ, ಸೂರ್ಯ ದೂರದಲ್ಲಿದ್ದಾನೆ.

ಈ ಹತ್ತಿರ ದೂರದ ಲೆಕ್ಕ ನಮ್ಮ ಹಾಸಿಗೆಗೂ ಬೇಕು. ಹಲಗೆಯ ಗೋಡೆಯಲ್ಲಿ ಕಿಟಕಿ ಕತ್ತರಿಸಿ ಹೊರಗೆ ಫ್ಲ್ಯಾಷ್ ಇಡುತ್ತೇವೆ. ದೀಪ ಮೊದಲ ದಿಂಬಿನಿಂದ ನಾಲ್ಕು ಅಡಿಯಲ್ಲಿದ್ದು, ಎರಡನೆಯ ದಿಂಬಿನ ಆಚೆ ಅಂಚು ಒಂಬತ್ತು ಅಡಿಯಲ್ಲಿದ್ದರೆ, ಅಲ್ಲಿಗೆ ಐದನೇ ಒಂದು ಪಾಲು ಬೆಳಕೂ ಮುಟ್ಟುವುದಿಲ್ಲ. ಗಂಡನ ಕಡೆ ಬೆಳಗು, ಹೆಂಡತಿಯ ಕಡೆ ರಾತ್ರಿ. ದೀಪವನ್ನು ಹದಿನಾರು ಅಡಿಗೆ ಹಿಂದೆ ಸರಿಸಿದರೆ ಆಚೆ ಅಂಚಿಗೆ ಅರ್ಧಕ್ಕಿಂತ ಹೆಚ್ಚೇ ಸಿಗುತ್ತದೆ. ಉಳಿದದ್ದನ್ನು ಬಿಳಿ ಥರ್ಮಾಕೋಲ್ ಹಲಗೆ ತುಂಬುತ್ತದೆ. ಗೋಡೆಯಾಚೆ ಹದಿನಾರು ಅಡಿ ಖಾಲಿ ಬಿಡಲು ಜಾಗ ಬೇಕಲ್ಲ, ಈ ಊರಿನಲ್ಲಿ ಅಷ್ಟು ಅಗಲ, ಅಷ್ಟು ಎತ್ತರ ಇದ್ದದ್ದು ಗಿರಣಿಗಳಲ್ಲಿ.

ಗಿರಣಿಗಳು ಖಾಲಿಯಾದ ಕತೆ ಈ ಪುಟಗಳ ಓದುಗರಿಗೆ ಗೊತ್ತಿರುವುದೇ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರಕ್ಕಿಳಿದರು. ಅದನ್ನು ಅಧಿಕೃತವಾಗಿ ಹಿಂದೆಗೆದುಕೊಳ್ಳಲೇ ಇಲ್ಲ. ಆ ಲೆಕ್ಕದಲ್ಲಿ ಅಪ್ಪ ಇಂದಿಗೂ ಮುಷ್ಕರದಲ್ಲಿದ್ದಾನೆ. 1991ರ ನಿಯಮ, 2001ರ ತಿದ್ದುಪಡಿ, 2006ರ ಸುಪ್ರೀಂ ಕೋರ್ಟ್ ತೀರ್ಪು ಒಂದರ ಹಿಂದೊಂದು ಬಂದು ಗಿರಣಿಯ ನೆಲ ಮಾಲ್, ಕಚೇರಿ, ಗೋಪುರಗಳಾಯಿತು. ಕೆಡವದೆ ಉಳಿದ ಶೆಡ್ಡುಗಳಲ್ಲಿ ಕೆಲವು ನಮ್ಮಂಥವರಿಗೆ ಬಾಡಿಗೆಗೆ ಸಿಕ್ಕವು.

2018ರ ಜುಲೈಯಲ್ಲಿ ಅಪ್ಪ ಒಮ್ಮೆ ಸೆಟ್ ನೋಡಲು ಬಂದ. ಒಳಗೆ ಕಾಲಿಟ್ಟವನು ಹಾಸಿಗೆ ನೋಡಲಿಲ್ಲ, ತಲೆ ಎತ್ತಿ ಮಾಡು ನೋಡಿದ. ಗರಗಸದ ಹಲ್ಲಿನಂತೆ ಸಾಲಾಗಿ ಏರಿಳಿಯುವ ಮಾಡು. ಪ್ರತಿ ಹಲ್ಲಿನ ನೆಟ್ಟನೆಯ ಬದಿಗೆ ಉತ್ತರಕ್ಕೆ ಮುಖಮಾಡಿದ ಗಾಜು. ನೇರ ಬಿಸಿಲು ಒಳಗೆ ಬೀಳಬಾರದು, ದಿನವಿಡೀ ಒಂದೇ ಸಮನಾದ ಆಕಾಶದ ಬೆಳಕು ಬರಬೇಕು ಎಂದು ನೇಯ್ಗೆಯ ಶೆಡ್ಡುಗಳನ್ನು ಹೀಗೆ ಕಟ್ಟುತ್ತಿದ್ದರು. ನಾವು ಆ ಗಾಜಿಗೆಲ್ಲ ಕಪ್ಪು ಬಣ್ಣ ಬಳಿದಿದ್ದೆವು, ನಮ್ಮ ಫ್ಲ್ಯಾಷಿನ ಬೆಳಕಿಗೆ ಅಡ್ಡಿಯಾಗದಿರಲಿ ಎಂದು.

“ಇಷ್ಟ್ ಚಲೋ ಬೆಳಕ ಮುಚ್ಚಿ, ದೀಪಾ ಹಚ್ಚಿ ಕುಂತೀರೇನ್ ತಮ್ಮಾ?” ಎಂದ.

ಅಂದು ನಮಗೊಂದು ತೊಂದರೆ ಎದುರಾಗಿತ್ತು. ಕೆನೆಬಣ್ಣದ ಚಾದರ, ಅದೇ ಬಣ್ಣದ ದಿಂಬಿನ ಕವರು. ಸೆಟ್ ಸಜ್ಜು ಮಾಡುವಾಗ ಎಲ್‌ಇಡಿ ದೀಪದಲ್ಲಿ ಎರಡೂ ಒಂದೇ. ಫ್ಲ್ಯಾಷ್ ಹೊಡೆದು ಪರದೆಯ ಮೇಲೆ ನೋಡಿದರೆ ದಿಂಬು ಮಾತ್ರ ನೀಲಿಗೆ ತಿರುಗಿರುತ್ತಿತ್ತು. ಕ್ಯಾಮೆರಾ ಬದಲಿಸಿದೆವು, ಬಣ್ಣದ ಕಾರ್ಡ್ ಇಟ್ಟು ಸರಿಪಡಿಸಿದೆವು; ದಿಂಬು ಸರಿಯಾದರೆ ಚಾದರ ಹಳದಿ. ಅಪ್ಪ ಎರಡನ್ನೂ ಎತ್ತಿಕೊಂಡು ಹೊರಗಿನ ಪಡಸಾಲೆಗೆ ಹೋದ. ಮಳೆ ನಿಂತು ಮೋಡದ ಬೆಳಕಿತ್ತು. ಒಂದರ ಮೇಲೊಂದು ಇಟ್ಟು ಓರೆಯಾಗಿ ಹಿಡಿದು ನೋಡಿ, “ದಿಂಬಿನ ಅರಿವಿಗೆ ಟಿನೋಪಾಲ್ ಹಾಕ್ಯಾರ, ಚಾದರಕ್ಕ ಹಾಕಿಲ್ಲ” ಎಂದ.

ಬಟ್ಟೆ ಬೆಳ್ಳಗೆ ಕಾಣಲು ಹಾಕುವ ಆ ಹೊಳಪಿನ ಪುಡಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಹಗಲಿನಲ್ಲಿ, ಫ್ಲ್ಯಾಷಿನಲ್ಲಿ ಆ ಕಿರಣ ಇರುತ್ತದೆ. ನಮ್ಮ ಎಲ್‌ಇಡಿಯಲ್ಲಿ ಇಲ್ಲದಷ್ಟು ಕಡಿಮೆ. ಹಾಗಾಗಿ ಒಂದು ದೀಪದಲ್ಲಿ ಜೋಡಿ, ಇನ್ನೊಂದರಲ್ಲಿ ಬೇರೆ. ಫ್ಲ್ಯಾಷಿನ ಮುಂದೆ ಅತಿನೇರಳೆ ತಡೆಯುವ ಹಾಳೆ ಕಟ್ಟಿದರೆ ಫೋಟೋ ಸರಿಯಾಗುತ್ತದೆ, ನಾವು ಅದನ್ನೇ ಮಾಡಿದೆವು. ಆದರೆ ಕೊಂಡವರ ಮನೆಯ ಕಿಟಕಿಗೆ ಯಾರು ಹಾಳೆ ಕಟ್ಟುತ್ತಾರೆ? ಕಂಪನಿಯವರಿಗೆ ಹೇಳಿದೆ. ಅವರು ಫೋಟೋ ಚೆನ್ನಾಗಿದೆ ಎಂದರು.

ಆಮೇಲೆ ಹಾಸಿಗೆಯಲ್ಲಿ ಮಲಗಿ ಎದ್ದವರ ಗುರುತು ಮೂಡಿಸುವುದು ಬಾಕಿಯಿತ್ತು. ಹುಡುಗ ಚಹಾ ತರಲು ಹೋಗಿದ್ದ. “ಅಪ್ಪಾ, ನೀನ ಹತ್ತು ನಿಮಿಷ ಮಲಕೋ” ಎಂದೆ. ಚಾಳಿನ ಖೋಲಿಯಲ್ಲಿ ಮೂರು ಪಾಳಿಯವರು ಒಂದೇ ಚಾಪೆಯ ಜಾಗವನ್ನು ಹಂಚಿಕೊಂಡು ಮಲಗುತ್ತಿದ್ದ ದಿನಗಳಲ್ಲಿ ಕೈಕಾಲು ಮಡಿಚಿ ಮಲಗುವುದನ್ನು ಕಲಿತವನು. ಬೇಡವೆಂದ. ಎರಡು ಸಲ ಕರೆದ ಮೇಲೆ ಚಪ್ಪಲಿ ಬಿಟ್ಟು, ಅಂಗಾಲು ಒರೆಸಿಕೊಂಡು, ಅಂಚಿನಲ್ಲಿ ನೆಟ್ಟಗೆ ಮಲಗಿದ. ಹದಿನೈದು ನಿಮಿಷ ಅಲ್ಲಾಡಲಿಲ್ಲ. ನಿದ್ದೆ ಬಂದಿತ್ತೇನೋ. ಎದ್ದವನು ಅಭ್ಯಾಸಬಲದಿಂದ ತಾನು ಮಲಗಿದ್ದ ಜಾಗದ ಮೇಲೆ ಎರಡು ಸಲ ಅಂಗೈ ಆಡಿಸಿ ಚಾದರ ಸರಿಮಾಡಿಬಿಟ್ಟ. ನಾವು ಮತ್ತೆ ಮೊದಲಿನಿಂದ ಗಾಳಿ ತುಂಬಿಸಬೇಕಾಯಿತು.