ಎರಡು ರಾತ್ರಿಯ ಅತಿಥಿ ಬಾಡಿಗೆದಾರನೇ? ಅಲ್ಪಾವಧಿ ವಸತಿಯ ಆದಾಯ ಮತ್ತು ತೆರಿಗೆಯ ಶೀರ್ಷಿಕೆ

ಮನೆ ಬಾಡಿಗೆಯನ್ನು ವ್ಯವಹಾರದ ಆದಾಯವೆಂದು ತೋರಿಸಿ ತೆರಿಗೆ ತಗ್ಗಿಸಿಕೊಳ್ಳುವ ದಾರಿಗೆ 2024ರ ಹಣಕಾಸು (ಸಂಖ್ಯೆ 2) ಕಾಯ್ದೆ ಅಡ್ಡಗಟ್ಟೆ ಹಾಕಿತು. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 28ಕ್ಕೆ ಸೇರಿದ ಹೊಸ ವಿವರಣೆಯ ಪ್ರಕಾರ, ಮಾಲೀಕ ತನ್ನ ವಾಸದ ಮನೆಯನ್ನೋ ಅದರ ಒಂದು ಭಾಗವನ್ನೋ ಬಾಡಿಗೆಗೆ ಕೊಟ್ಟು ಪಡೆದ ಹಣ ಗೃಹ ಆಸ್ತಿಯ ಆದಾಯವೇ ಹೊರತು ವ್ಯವಹಾರದ್ದಲ್ಲ. ಇದು 2025-26ರ ನಿರ್ಧಾರಣಾ ವರ್ಷದಿಂದ ಜಾರಿಗೆ ಬಂತು. ಆನ್‌ಲೈನ್‌ನಲ್ಲಿ ಕೋಣೆ ಕೊಡುವ ಮಾಲೀಕರ ಆಯ್ಕೆ ಇದರಿಂದ ಮುಗಿದೇಹೋಯಿತೆಂದು ಅನೇಕ ಆಡಿಟರುಗಳು ಹೇಳುತ್ತಿದ್ದಾರೆ. ಆ ತೀರ್ಮಾನ ಅವಸರದ್ದು ಎಂಬುದು ಈ ಲೇಖನದ ವಾದ.

ವಿವರಣೆ ಹಿಡಿಯುವುದು ‘ಬಾಡಿಗೆಗೆ ಕೊಡುವುದ’ನ್ನು ಮಾತ್ರ. ಎರಡು ರಾತ್ರಿ ತಂಗುವವನಿಗೆ ಮನೆಯ ಸ್ವಾಧೀನ ಬರುವುದಿಲ್ಲ; ಇನ್ನೊಂದು ಕೀಲಿ ಮಾಲೀಕನ ಬಳಿಯೇ ಇರುತ್ತದೆ, ಹಾಸಿಗೆ ಬದಲಿಸುವವರು ಬಂದು ಹೋಗುತ್ತಾರೆ. ಇನ್ನೊಂದು ಕಡೆಯಿಂದ, ಸೆಕ್ಷನ್ 22 ಮಾಲೀಕ ತನ್ನ ವ್ಯವಹಾರಕ್ಕೆ ಬಳಸುವ ಕಟ್ಟಡವನ್ನು ಗೃಹ ಆಸ್ತಿಯಿಂದ ಹೊರಗಿಡುತ್ತದೆ. ಲಾಡ್ಜ್ ನಡೆಸುವವನ ಕಟ್ಟಡ ಹೊರಗುಳಿಯುವುದು ಇದರಿಂದಲೇ. ಸುಲ್ತಾನ್ ಬ್ರದರ್ಸ್ ಪ್ರಕರಣದಲ್ಲಿ (1964) ಸುಪ್ರೀಂ ಕೋರ್ಟ್, ಬಾಡಿಗೆಗೆ ಕೊಟ್ಟದ್ದು ವ್ಯವಹಾರವೇ ಎಂಬುದನ್ನು ಆಯಾ ಸಂದರ್ಭದಲ್ಲಿ ವ್ಯವಹಾರಸ್ಥನ ಕಣ್ಣಿನಿಂದ ನೋಡಿ ತೀರ್ಮಾನಿಸಬೇಕೆಂದಿತು. ಕರ್ನಾನಿ ಪ್ರಾಪರ್ಟೀಸ್ ಪ್ರಕರಣದಲ್ಲಿ (1971) ಬಾಡಿಗೆದಾರರಿಗೆ ವ್ಯವಸ್ಥಿತವಾಗಿ ಒದಗಿಸಿದ ಸೇವೆಗಳ ಹಣವನ್ನು ವ್ಯವಹಾರದ ಆದಾಯವೆಂದು ಒಪ್ಪಿತು. ಆದರೆ ಶಂಭು ಇನ್ವೆಸ್ಟ್‌ಮೆಂಟ್ ಪ್ರಕರಣದಲ್ಲಿ (2003) ಪೀಠೋಪಕರಣ, ಸೇವೆಗಳ ಸಮೇತ ಕೊಟ್ಟ ಕಚೇರಿ ಜಾಗದ ಆದಾಯ ಗೃಹ ಆಸ್ತಿಯದೆಂದೇ ಉಳಿಯಿತು. ಸೋಫಾ, ವೈಫೈ ಇಟ್ಟ ಮಾತ್ರಕ್ಕೆ ಬಾಡಿಗೆ ವ್ಯವಹಾರವಾಗಿಬಿಡುವುದಿಲ್ಲ.

ಅಂತರ ಎಷ್ಟೆಂದು ಕಾಣಲು ಮೈಸೂರಿನ ಒಂದು ಫ್ಲ್ಯಾಟನ್ನು ಊಹಿಸಿಕೊಳ್ಳೋಣ. ವರ್ಷಕ್ಕೆ ಅತಿಥಿಗಳಿಂದ 6,00,000 ರೂ. ಬಂದಿದೆ. ಕಂದಾಯ 12,000, ಗೃಹಸಾಲದ ಬಡ್ಡಿ 2,40,000. ಆ್ಯಪ್‌ನ ಕಮಿಷನ್ 90,000, ಶುಚಿ ಮತ್ತು ಬಟ್ಟೆ ಒಗೆತ 96,000, ಕರೆಂಟು, ನೀರು, ಇಂಟರ್ನೆಟ್ 54,000, ರಿಪೇರಿ 30,000.

ಗೃಹ ಆಸ್ತಿಯಲ್ಲಿ ಕಂದಾಯ ಕಳೆದರೆ 5,88,000 ಉಳಿಯುತ್ತದೆ. ಅದರ ಶೇ 30, ಅಂದರೆ 1,76,400 ರೂ., ಖರ್ಚು ಮಾಡಿದರೂ ಮಾಡದಿದ್ದರೂ ಸಿಗುವ ಕಡಿತ. ಬಡ್ಡಿಯನ್ನೂ ಕಳೆದರೆ ತೆರಿಗೆಗೆ ಒಳಪಡುವುದು 1,71,600. ಕಮಿಷನ್, ಶುಚಿ, ಕರೆಂಟಿಗೆ ಬೇರೆ ಕಡಿತವಿಲ್ಲ. ವ್ಯವಹಾರದಲ್ಲಾದರೆ ನಿಜವಾದ ಖರ್ಚು, ಕಂದಾಯ, ಬಡ್ಡಿ ಎಲ್ಲವನ್ನೂ ಕಳೆದು, ಸವಕಳಿಗೆ ಮುನ್ನ ಉಳಿಯುವುದು 78,000. ಸೆಕ್ಷನ್ 44ಎಡಿಯ ಅಂದಾಜು ಲೆಕ್ಕ ಆರಿಸಿಕೊಂಡು, ಹಣವೆಲ್ಲ ಬ್ಯಾಂಕಿನ ಮೂಲಕ ಬಂದಿದ್ದರೆ ಶೇ 6ರಂತೆ ಬರೀ 36,000 ರೂ. ಲಾಭ ತೋರಿಸಿದರೆ ಸಾಕು. ಈ ಅಂಕಿಯ ಆಕರ್ಷಣೆಗೆ ಬಿದ್ದವರು, ತಿಂಗಳ ಬಾಡಿಗೆಯನ್ನೂ ವ್ಯವಹಾರವೆಂದು ತೋರಿಸತೊಡಗಿದ್ದರಿಂದಲೇ ವಿವರಣೆ ಬೇಕಾಯಿತು.

ಆದರೆ ವ್ಯವಹಾರದ ಬೆಲೆ ಮುಂದೆ ತೆರಬೇಕಾಗುತ್ತದೆ. ಸವಕಳಿ ಕೇಳದಿದ್ದರೂ ಕೊಟ್ಟಂತೆಯೇ ಲೆಕ್ಕ, 44ಎಡಿಯಲ್ಲೂ ಹಾಗೆಯೇ. ಫ್ಲ್ಯಾಟಿನ ಪುಸ್ತಕ ಮೌಲ್ಯ ವರ್ಷವರ್ಷವೂ ಇಳಿದು, ಮಾರಿದಾಗ ಸೆಕ್ಷನ್ 50ರಡಿ ಲಾಭವೆಲ್ಲ ಅಲ್ಪಾವಧಿ ಬಂಡವಾಳ ಲಾಭವೆನಿಸುತ್ತದೆ. ಇದನ್ನು ಲೆಕ್ಕ ಹಾಕದೆ ಇಂದಿನ ತೆರಿಗೆಯೊಂದನ್ನೇ ನೋಡಿ ಶೀರ್ಷಿಕೆ ಆರಿಸುವುದು ದೂರದೃಷ್ಟಿಯಲ್ಲ.

ವಿವಾದ ಎದ್ದಾಗ ಅಧಿಕಾರಿ ಮೊದಲು ನೋಡುವುದು ದಾಖಲೆ. ಮುನ್ನೂರು ದಿನ ಒಬ್ಬನೇ ಇದ್ದು, ಕರಾರುಪತ್ರ, ಮುಂಗಡ, ತಿಂಗಳ ಪಾವತಿ ಇದ್ದರೆ, ಪ್ರತಿ ವಾರ ನೆಲ ಒರೆಸಿದರೂ ಅದು ಬಾಡಿಗೆಯೇ. ದಿನದ ದರ, ಅತಿಥಿ ನೋಂದಣಿ ಪುಸ್ತಕ, ತಿಂಡಿ, ದಿನನಿತ್ಯದ ಶುಚಿ, ಕೆಲಸದವರ ಸಂಬಳದ ಚೀಟಿ, ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿ ಇದ್ದರೆ ವ್ಯವಹಾರವೆಂಬ ವಾದಕ್ಕೆ ನೆಲೆ ಸಿಗುತ್ತದೆ. ಒಂದು ವರ್ಷ ಆ ಕಡೆ, ಮತ್ತೊಂದು ವರ್ಷ ಈ ಕಡೆ ತೋರಿಸಿದವರಿಗೆ ಮಾತ್ರ ಯಾವ ನೆಲೆಯೂ ಇಲ್ಲ.

ಹಾಗಾಗಿ ಕೀಲಿ ಕೊಟ್ಟು ಸುಮ್ಮನಿರುವ ಮಾಲೀಕ ಗೃಹ ಆಸ್ತಿಯ ಶೀರ್ಷಿಕೆಯಲ್ಲೇ ತೋರಿಸಬೇಕು. ಅತಿಥಿಸತ್ಕಾರವನ್ನೇ ದುಡಿಮೆ ಮಾಡಿಕೊಂಡವನಿಗೆ ವ್ಯವಹಾರದ ಶೀರ್ಷಿಕೆ ಹೊಸ ವಿವರಣೆಯ ನಂತರವೂ ತೆರೆದಿದೆ. ಅದನ್ನು ಹಿಡಿಯುವವನು ಬಿಲ್ಲುಗಳನ್ನು ಮೊದಲ ದಿನದಿಂದಲೇ ಜೋಡಿಸಿಡಬೇಕು.